ಮೀನಿನ ವಾಸನೆ ಹೋಗಲಿ ಅಂತ ಮಣೆ ಬಿಸಿಲಿಗಿಟ್ಟೆ, ಸಂಜೆಗೆ ಸೀಳು ಬಿಟ್ಟಿತ್ತು

ವೀಣಾ, ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ತರಕಾರಿ ಹೆಚ್ಚುವ ಮರದ ಮಣೆಯ ವಿಷಯ. ಯುಗಾದಿಗೆ ಮುಂಚೆ ಬೇವಿನ ಮರದ್ದು ಒಂದು ತಗೊಂಡಿದ್ದೆ. 14 ಇಂಚು ಉದ್ದ, 9 ಇಂಚು ಅಗಲ, ದಪ್ಪ ಮುಕ್ಕಾಲು ಇಂಚು. ಈರುಳ್ಳಿ ವಾಸನೆ ಮೊದಲ ವಾರದಲ್ಲೇ ಹಿಡಿದಿತ್ತು. ಅದು ಹೇಗೋ ಅಭ್ಯಾಸ ಆಗಿತ್ತು ಬಿಡಿ.

ಹೋದ ಭಾನುವಾರ ನನ್ನ ತಮ್ಮ ಉಡುಪಿಯಿಂದ ಬರುವಾಗ ಐಸ್ ಡಬ್ಬಿಯಲ್ಲಿ ಬಂಗುಡೆ ತಂದ. ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಅದೇ ಮಣೆ ಮೇಲೆ ಎಲ್ಲ ಕೊಯ್ದಿಟ್ಟಿದ್ದ. ಸಂಜೆ ಕುದಿಯೋ ನೀರು ಸುರಿದು ಸೋಪು ಹಾಕಿ ತಿಕ್ಕಿದೆ. ವಾಸನೆ ಹೋಗಲಿಲ್ಲ. ರಾತ್ರಿಯಿಡೀ ಟಬ್ಬಿನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಅಡುಗೆ ಸೋಡಾ ಹಾಕಿ ಉಜ್ಜಿದೆ, ಆಗಂತೂ ವಾಸನೆ ಇನ್ನೂ ಜೋರಾಗಿ ಎದ್ದಿತು! ಸಿಟ್ಟು ಬಂದು ಟೆರೇಸ್ ಮೇಲೆ ಮಲಗಿಸಿ ಬಂದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ತರಲು ಹೋದರೆ ಒಂದು ತುದಿಯಲ್ಲಿ ಎರಡು ಇಂಚಿನ ಸೀಳು. ಮಣೆಯೂ ಸ್ವಲ್ಪ ಬಾಗಿದೆ, ಕಲ್ಲಿನ ಮೇಲೆ ಇಟ್ಟರೆ ತೂಗುತ್ತದೆ.

ತಮಾಷೆ ಏನಂದ್ರೆ, ಒಣಗಿದಾಗ ವಾಸನೆ ಇಲ್ಲವೇ ಇಲ್ಲ. ಒದ್ದೆ ಕೈ ತಾಗಿದರೆ ಸಾಕು, ಮತ್ತೆ ಬಂಗುಡೆ. ಈ ಮಣೆ ಉಳಿಸಿಕೊಳ್ಳಬಹುದಾ?

ಪ್ರಸನ್ನ

ಪ್ಲಾಸ್ಟಿಕ್ ಬೋರ್ಡ್‌ನಲ್ಲೂ ಇದೇ ಗೋಳು ಮೇಡಂ. ನಮ್ಮನೇಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸ್ತೀವಿ, ಬೆಳ್ಳಗೆ ಆಗುತ್ತೆ. ಮೇಲೆ ಒಂದು ನಿಂಬೆಹಣ್ಣು ಹಿಂಡಿದರೆ ಮುಗೀತು.

ವೀಣಾ

ಪ್ರಸನ್ನ ಅವರೇ, ನಂದು ಮರದ್ದು ರೀ.

ಚೇತನ್, ಮೆಡಿಕಲ್ ಶಾಪ್, ಹಿರಿಯೂರು

ಪ್ರಸನ್ನ ಸರ್, ದಯವಿಟ್ಟು ಬ್ಲೀಚಿಂಗ್ ಪೌಡರ್ ಮೇಲೆ ನಿಂಬೆ ಹಿಂಡಬೇಡಿ. ಹುಳಿ ಬಿದ್ದರೆ ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಕಣ್ಣು, ಗಂಟಲು ಉರಿದು ಉಸಿರು ಕಟ್ಟುತ್ತದೆ. ಇಷ್ಟು ದಿನ ಏನೂ ಆಗಿಲ್ಲ ಅಂದರೆ ನೀರು ಜಾಸ್ತಿ ಇತ್ತು ಅಂತ ಅಷ್ಟೇ.

ವೀಣಾ ಅವರೇ, ನಿಮ್ಮ ಸೋಡಾ ಕಥೆಗೆ ಕಾರಣ ಇದೆ. ಸಮುದ್ರದ ಮೀನಿನ ಆ ವಾಸನೆ ಕ್ಷಾರದ ಜಾತಿಯದು. ಅಮೋನಿಯಾದ ದಾಯಾದಿ ಅಂದುಕೊಳ್ಳಿ. ಅದಕ್ಕೆ ಹುಳಿ ಕೊಟ್ಟರೆ ಉಪ್ಪಿನ ಹಾಗೆ ಆಗಿ ನೀರಿನಲ್ಲಿ ಕರಗುತ್ತದೆ, ಗಾಳಿಗೆ ಏಳುವುದಿಲ್ಲ, ತೊಳೆದರೆ ಹೋಗುತ್ತದೆ. ಸೋಡಾನೂ ಕ್ಷಾರವೇ. ಅದನ್ನು ಹಾಕಿದಾಗ ಮರದೊಳಗೆ ಸುಮ್ಮನಿದ್ದದ್ದನ್ನೂ ಎಬ್ಬಿಸಿ ಮೂಗಿಗೆ ಕಳಿಸಿದ್ದೀರಿ. ಮೀನಿಗೆ ಮೊದಲು ಹುಳಿ. ನಿಂಬೆ, ಹುಣಸೆಹಣ್ಣು, ವಿನೆಗರ್, ಯಾವುದಾದರೂ ಸರಿ.

ಶಾರದಮ್ಮ, ಜಗಳೂರು

ನಮ್ಮತ್ತೆ ಕಾಲದಿಂದ ಎಲ್ಲದಕ್ಕೂ ಒಲೆ ಬೂದಿ. ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಇಡು. ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲಮ್ಮ. ಈಳಿಗೆ ಮಣೆ ಮೂವತ್ತು ವರ್ಷದಿಂದ ಹಂಗೇ ಇದೆ, ಒಂದು ಗೆರೆ ಬಿಟ್ಟಿಲ್ಲ. ಈಗಿನ ಮರಾನೇ ಸರಿ ಇಲ್ಲ.

ಚೇತನ್

ಅಮ್ಮಾ, ಬೂದಿನೂ ಕ್ಷಾರವೇ. ಜಿಡ್ಡಿಗೆ ಒಳ್ಳೆಯದು, ಮೀನಿನ ವಾಸನೆಗೆ ಸೋಡಾ ಮಾಡಿದ ಕೆಲಸವನ್ನೇ ಮಾಡುತ್ತದೆ.

ಗಿರೀಶ, ಮರಗೆಲಸ, ಚಿತ್ರದುರ್ಗ

ಶಾರದಮ್ಮನವರೇ, ನಿಮ್ಮ ಈಳಿಗೆ ಮಣೆ ಸೀಳದೇ ಇರುವುದಕ್ಕೆ ಕಾರಣ ಇದೆ. ಈಳಿಗೆಯಲ್ಲಿ ಹೆಚ್ಚುವುದು ಅಲಗಿನ ಮೇಲೆ, ರಸ ಬೀಳುವುದು ತಟ್ಟೆಗೆ. ಮರಕ್ಕೆ ನೀರು ತಾಗುವುದೇ ಅಪರೂಪ. ವೀಣಕ್ಕನ ಮಣೆ ಕಥೆ ಬೇರೆ. ಅದು ರಾತ್ರಿಯಿಡೀ ನೀರು ಕುಡಿದು, ಮಾರನೇ ದಿನ ಏಳು ಗಂಟೆ ಕಾದ ಸಿಮೆಂಟಿನ ಮೇಲೆ ಮಲಗಿದೆ.

ಮರದಲ್ಲಿ ನೀರು ಓಡಾಡುವುದು ಉದ್ದಕ್ಕೆ, ಸಣ್ಣ ಕೊಳವೆಗಳ ಕಟ್ಟಿನ ಹಾಗೆ. ಅಡ್ಡ ಕೊಯ್ದ ಎರಡು ತುದಿಗಳಲ್ಲಿ ಆ ಕೊಳವೆಗಳ ಬಾಯಿ ತೆರೆದಿರುತ್ತದೆ. ನೀರು ಬೇಗ ಹೀರುವುದೂ ಅಲ್ಲಿಂದ, ಬೇಗ ಬಿಡುವುದೂ ಅಲ್ಲಿಂದ. ಬಿಸಿಲಿಗೆ ತುದಿ ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ನೆಂದು ಉಬ್ಬಿಕೊಂಡೇ ಇರುತ್ತದೆ. ಈ ಎಳೆದಾಟದಲ್ಲಿ ತುದಿ ಹರಿಯುತ್ತದೆ. ಅದಕ್ಕೇ ಇಂಥ ಮಣೆಯಲ್ಲಿ ಸೀಳು ಸಾಮಾನ್ಯವಾಗಿ ತುದಿಯಿಂದ ಶುರು, ನಡುವಿನಿಂದ ಅಲ್ಲ. ಮರ ಒಳ್ಳೆಯದು ಕೆಟ್ಟದ್ದು ಅನ್ನೋದು ಆಮೇಲಿನ ಮಾತು.

ಬಾಗಿದ್ದೂ ಅದೇ ಕಾರಣಕ್ಕೆ. ಬೇಗ ಒಣಗಿದ ಮುಖ ಕುಗ್ಗಿ ತಗ್ಗಾಗುತ್ತದೆ. ಒಂದು ಮಾತು ಕೇಳಬೇಕಿತ್ತು ಅಕ್ಕಾ. ಸೀಳು ಒಣಗಿದಾಗ ಎಷ್ಟು ಅಗಲ, ಒದ್ದೆಯಾದಾಗ ಎಷ್ಟು? ಆ ಗೆರೆಯ ಹತ್ತಿರ ಮೂಗು ಇಟ್ಟು ನೋಡಿ ಹೇಳಿ.

ಮಂಡಕ್ಕಿ ಮಂಜಣ್ಣ, ದಾವಣಗೆರೆ

ನಂದೂ ಇದೇ ಕೇಸ್, ಆದರೆ ಮೀನಿಲ್ಲ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಗಾಡಿ. ದಿನಕ್ಕೆ ಎಂಟು ಕೆಜಿ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಬೇಕು. ರಾತ್ರಿ ಮಣೆನ ಸೋಡಾ ನೀರಿನ ಬಕೆಟ್ಟಿಗೆ ಮುಳುಗಿಸಿ ಮನೆಗೆ ಹೋಗ್ತೀನಿ. ಬೆಳಿಗ್ಗೆ ವಾಸನೆ ಅರ್ಧಕ್ಕರ್ಧ ಕಮ್ಮಿ. ಆರು ತಿಂಗಳಿಗೊಂದು ಮಣೆ ಸೀಳುತ್ತೆ, ಹೊಸದು ತರ್ತೀನಿ. ಸೋವಿ ಮರ ಕೊಡ್ತಾರೆ, ಅದೇ ಸಮಸ್ಯೆ.

ಅಂದಹಾಗೆ ಕೈಗೆ ಹತ್ತಿದ ವಾಸನೆಗೆ ಯಾರಾದ್ರೂ ಉಪಾಯ ಹೇಳ್ರಪ್ಪ. ಮನೇಲಿ ಮಗಳು ಹತ್ತಿರ ಬರಲ್ಲ.

ಗಿರೀಶ

ಮಂಜಣ್ಣ, ಉಳ್ಳಾಗಡ್ಡಿಗೆ ನಿಮ್ಮ ಸೋಡಾ ಸರಿ, ಬಕೆಟ್ ತಪ್ಪು. ದಿನಾ ರಾತ್ರಿ ಉಬ್ಬಿ, ದಿನಾ ಹಗಲು ಗಾಡಿಯ ಬಿಸಿಲಿಗೆ ಕುಗ್ಗಿದರೆ ಸಾಗುವಾನಿ ಕೂಡ ಸೀಳುತ್ತದೆ. ಮುಳುಗಿಸಬೇಡಿ. ಸೋಡಾಕ್ಕೆ ಸ್ವಲ್ಪವೇ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಮೇಲೆ ಬಳಿಯಿರಿ. ಹತ್ತು ನಿಮಿಷ ಬಿಟ್ಟು ಎಳೆಯ ಉದ್ದಕ್ಕೆ ತಿಕ್ಕಿ ತೊಳೆದು ಒರೆಸಿ. ಸಾಗುವಾನಿ ಮಣೆಯಾದರೆ ಸೋಡಾಕ್ಕೆ ಬಣ್ಣ ಕಪ್ಪಾಗಬಹುದು, ಹೆದರಬೇಡಿ.

ಇನ್ನೊಂದು. ಹೆಚ್ಚುವುದಕ್ಕೆ ಮುಂಚೆ ಮಣೆ ಮೇಲೆ ತಣ್ಣೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ ಶುರು ಮಾಡಿ. ಆಗಲೇ ನೀರು ಕುಡಿದ ಮರ ಉಳ್ಳಾಗಡ್ಡಿ ರಸ ಅಷ್ಟು ಕುಡಿಯುವುದಿಲ್ಲ. ಒಣ ಮಣೆ ಮೇಲೆ ಮೊದಲ ಗಡ್ಡೆ ಹೆಚ್ಚಿದಾಗಲೇ ಅರ್ಧ ವಾಸನೆ ಒಳಗೆ ಹೋಗಿರುತ್ತದೆ.

ಕೈ ವಾಸನೆ ನನಗೆ ಗೊತ್ತಿಲ್ಲ ಮಾರಾಯರೇ, ನನ್ನ ಕೈ ವಾರ್ನಿಶ್ ವಾಸನೆ.

ನಸ್ರೀನ್, ಹರಿಹರ

ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಮೀನು. ಹೊಳೆ ಮೀನು, ಸೂಳೆಕೆರೆ ಕಡೆಯದ್ದು, ಶುಕ್ರವಾರ ಕರಾವಳಿಯ ಐಸ್ ಗಾಡಿ ಮೀನು. ಎರಡರ ವಾಸನೆ ಬೇರೆ ಬೇರೆ. ಕೆರೆಯ ಕಾಟ್ಲಾ, ರೋಹು ಕೊಯ್ದರೆ ಮಣೆಗೆ ಹತ್ತುವುದು ಕೆಸರಿನ ವಾಸನೆ, ಮೊದಲ ಮಳೆಯ ಮಣ್ಣಿನ ಥರ. ಅದು ಬೇಗ ಹೋಗುತ್ತದೆ. ಬಂಗುಡೆ, ಭೂತಾಯಿ ಹಾಗಲ್ಲ, ಎಣ್ಣೆ ಜಾಸ್ತಿ ಇರುವ ಮೀನು. ಅವು ಒಂದು ದಿನ ಹಳೆಯದಾದರೆ ಮಣೆ ಬಿಡುವುದೇ ಇಲ್ಲ.

ವೀಣಾ, ಮೊದಲ ತಪ್ಪು ಕುದಿಯೋ ನೀರು. ಮೀನಿನ ಲೋಳೆ, ರಕ್ತ ಬಿಸಿನೀರಿಗೆ ಮೊಟ್ಟೆ ಬೆಂದ ಹಾಗೆ ಬೆಂದು ಮರಕ್ಕೆ ಅಂಟುತ್ತದೆ. ಮೊದಲು ತಣ್ಣೀರಿನಲ್ಲಿ ತಿಕ್ಕಿ ಲೋಳೆ ತೆಗೆಯಬೇಕು. ಆಮೇಲೆ ಸೋಪು ಮತ್ತು ಉಗುರುಬೆಚ್ಚಗಿನ ನೀರು, ಜಿಡ್ಡು ಹೋಗಲಿ ಅಂತ. ಆಮೇಲೆ ಹುಳಿ.

ನಾನು ಮಾಡುವುದು ಹೀಗೆ. ಒಂದು ಹಿಡಿ ಕಲ್ಲುಪ್ಪು, ಅರ್ಧ ನಿಂಬೆಹಣ್ಣು. ಉಪ್ಪು ಉದುರಿಸಿ ನಿಂಬೆಯ ಕೊಯ್ದ ಮುಖದಿಂದ ಎರಡು ಮೂರು ನಿಮಿಷ ಉಜ್ಜುತ್ತೇನೆ. ಪುಡಿ ಉಪ್ಪು ಬೇಡ, ಅದು ಕರಗಿ ಹೋಗುತ್ತದೆ. ಕಲ್ಲುಪ್ಪು ಗೀರುಗಳ ಒಳಗೆ ಕೂತು ಕೊಳೆ ಎಬ್ಬಿಸುತ್ತದೆ. ಸ್ವಲ್ಪ ಹೊತ್ತಿಗೆ ಬೂದು ಬಣ್ಣದ ನೀರು ಬಿಡುತ್ತದೆ, ಅದೇ ನೋಡಿ ಒಳಗಿದ್ದದ್ದು. ಐದು ನಿಮಿಷ ಬಿಟ್ಟು ತೊಳೆದು ಒರೆಸಿ ನಿಲ್ಲಿಸುತ್ತೇನೆ. ನಿಮ್ಮದು ಬೆಂದು ಕೂತಿದೆ, ಒಂದು ಸಲಕ್ಕೆ ಆಗಲ್ಲ. ಒಂದೊಂದು ದಿನ ಬಿಟ್ಟು ಮೂರು ಸಲ ಮಾಡಿ.

ನಿಂಬೆ ಇಲ್ಲದಿದ್ದರೆ ತಾಮ್ರದ ಚೊಂಬು ತಿಕ್ಕುವ ಹುಣಸೆಹಣ್ಣೂ ಆಗುತ್ತದೆ. ಆದರೆ ಸೋಡಾ, ನಿಂಬೆ ಎರಡೂ ಒಟ್ಟಿಗೆ ಹಾಕಿ ನೊರೆ ಬಂತು ಅಂತ ಖುಷಿ ಪಡಬೇಡಿ. ಒಂದನ್ನೊಂದು ಕೊಂದುಕೊಂಡು ಬರೀ ಗುಳ್ಳೆ ಉಳಿಯುತ್ತದೆ.

ವೀಣಾ

ಗಿರೀಶಣ್ಣ, ನೋಡಿದೆ. ಒಣಗಿದಾಗ ಸೀಳಿನಲ್ಲಿ ವಿಸಿಟಿಂಗ್ ಕಾರ್ಡಿನ ಮೂಲೆ ತೂರುತ್ತದೆ. ನೀರು ತಾಗಿ ಹತ್ತು ನಿಮಿಷಕ್ಕೆ ಗೆರೆ ಮಾತ್ರ ಕಾಣುತ್ತದೆ, ಉಗುರಿಗೂ ಸಿಗಲ್ಲ. ಮೂಗು ಇಟ್ಟೆ. ಅಯ್ಯೋ! ಉಳಿದ ಕಡೆಗಿಂತ ಅಲ್ಲೇ ಜಾಸ್ತಿ.

ಗಿರೀಶ

ಅಂದುಕೊಂಡೆ. ಒಣಗಿದಾಗ ಬಾಯಿ ಬಿಟ್ಟು ಈರುಳ್ಳಿ ಚೂರು, ಮೀನಿನ ರಸ ನುಂಗುತ್ತದೆ. ಒದ್ದೆಯಾದಾಗ ಬಾಯಿ ಮುಚ್ಚಿಕೊಂಡು ಒಳಗೇ ಕೊಳೆಸುತ್ತದೆ. ಆ ಸೀಳು ಇರುವವರೆಗೆ ನಸ್ರೀನಕ್ಕ ಹೇಳಿದ್ದನ್ನು ಮಾಡಿದರೂ ಪೂರ್ತಿ ಹೋಗಲ್ಲ.

ಮೂರು ದಾರಿ ಇವೆ. ಮರಪುಡಿ, ಮಾಮೂಲಿ ಬಿಳಿ ಅಂಟು ಕಲಸಿ ತುಂಬುತ್ತಾರೆ, ಅದು ಬೇಡ. ನೀರು ತಾಗಿ ತಾಗಿ ಮೆತ್ತಗಾಗಿ ಎದ್ದು ಬರುತ್ತದೆ. ಎರಡನೆಯದು, ನೀರು ತಡೆಯುವ ಅಂಟನ್ನು ಸೀಳಿನೊಳಗೆ ತೂರಿಸಿ, ಕ್ಲಾಂಪ್ ಹಾಕಿ ಒಂದು ದಿನ ಬಿಗಿ ಹಿಡಿಯುವುದು. ಆದರೆ ನಿಮ್ಮ ಸೀಳಿನೊಳಗೆ ಈಗ ಮೀನಿನ ಎಣ್ಣೆ ಇದೆ, ಅಂಟು ಹಿಡಿಯುವುದು ಕಷ್ಟ.

ನಾನು ಮಾಡುವುದು ಮೂರನೆಯದು. ಆ ತುದಿಯನ್ನು ಕೊಯ್ದು ಹಾಕುವುದು. ಕಣ್ಣಿಗೆ ಕಂಡ ಸೀಳಿಗಿಂತ ಒಳಗೆ ಇನ್ನೂ ಸ್ವಲ್ಪ ಓಡಿರುತ್ತದೆ, ಹಾಗಾಗಿ ಎರಡೂವರೆ ಇಂಚು. ನಿಮ್ಮ 14 ಇಂಚಿನ ಮಣೆ 11.5 ಇಂಚು ಆಗುತ್ತದೆ. ಹತ್ತಿರದ ಬಡಗಿ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಹಾಗೇ ಮೇಲ್ಮುಖವನ್ನು ಒಂದು ಪದರ ಕೀಸಿಕೊಡಿ ಅನ್ನಿ. ಬೆಂದು ಕೂತ ವಾಸನೆ ಎಷ್ಟೋ ಆ ಸಿಪ್ಪೆಯ ಜೊತೆಗೇ ಹೋಗುತ್ತದೆ.

ಅದಕ್ಕೂ ಮುಂಚೆ ಬಾಗು ತೆಗೆಯಿರಿ. ಒದ್ದೆ ಬಟ್ಟೆ ಹಿಂಡಿ ಹಾಸಿ, ತಗ್ಗು ಬಿದ್ದ ಮುಖ ಕೆಳಗೆ ಬರುವ ಹಾಗೆ ನೆರಳಲ್ಲಿ ಇಡಿ. ಕೆಳಮುಖ ಉಬ್ಬುತ್ತದೆ, ಮೇಲ್ಮುಖ ಒಣಗುತ್ತದೆ, ಒಂದೆರಡು ದಿನಕ್ಕೆ ಬಹುತೇಕ ಸಮ ಆಗುತ್ತದೆ. ಆಮೇಲೆ ನಿಲ್ಲಿಸಿ ಪೂರ್ತಿ ಒಣಗಿಸಿ.

ಶಾರದಮ್ಮ

ಹೊಸ ಮಣೆ ಕೊಯ್ದು ಹಾಕು ಅಂತೀಯಲ್ಲಪ್ಪ. ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು, ಕೂಡಿಕೊಳ್ಳುತ್ತೆ.

ಗಿರೀಶ

ಒಮ್ಮೆ ಹರಿದ ಎಳೆ ಕೂಡಲ್ಲಮ್ಮ. ಎಣ್ಣೆ ಇನ್ನೊಂದು ಸೀಳು ಬರದ ಹಾಗೆ ತಡೆಯುತ್ತದೆ, ಬಂದದ್ದನ್ನು ಹೊಲಿಯಲ್ಲ.

ವೀಣಾ

ಎಣ್ಣೆ ಯಾವುದು ಹಾಕಲಿ? ಮನೆಯಲ್ಲಿ ಶೇಂಗಾ ಎಣ್ಣೆ ಇದೆ.

ಗಿರೀಶ

ಶೇಂಗಾ ಬೇಡ, ಸೂರ್ಯಕಾಂತಿನೂ ಬೇಡ. ಮರದೊಳಗೆ ಕೂತು ಕಮಟು ಹಿಡಿಯುತ್ತದೆ, ಮೇಲೆ ಕೈಗೆ ಅಂಟು ಬರುತ್ತದೆ. ಆಗ ಮೀನು, ಈರುಳ್ಳಿ ಜೊತೆಗೆ ಮೂರನೇ ವಾಸನೆ. ಹಾರ್ಡ್‌ವೇರ್ ಅಂಗಡಿಯ ಅಗಸೆ ಎಣ್ಣೆಯನ್ನಂತೂ ಮುಟ್ಟಬೇಡಿ. ಬೇಗ ಒಣಗಲಿ ಅಂತ ಅದಕ್ಕೆ ಬೇರೆ ಏನೇನೋ ಸೇರಿಸಿರುತ್ತಾರೆ, ಅದು ಬಾಗಿಲು ಕಿಟಕಿಗೆ. ನಾನು ಅಡುಗೆ ಮಣೆಗಳಿಗೆ ಲಿಕ್ವಿಡ್ ಪ್ಯಾರಾಫಿನ್ ಹಾಕುತ್ತೇನೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಡುವುದೇ ಇಲ್ಲ.

ಚೇತನ್

ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಮಲಬದ್ಧತೆಗೆ ಕುಡಿಯಲು ಕೊಡುವುದು. ಕೇಳುವಾಗ ಹುಷಾರು. ಅದೇ ಹೆಸರು ಹೇಳಿದರೆ ಕೆಲವು ಕಡೆ ಬೆಳ್ಳಗಿನ ಸಿಹಿ ಸಿರಪ್ ಕೊಡುತ್ತಾರೆ. ಅದರಲ್ಲಿ ಪ್ಯಾರಾಫಿನ್ ಜೊತೆ ಮೆಗ್ನೀಷಿಯಾ ಹಾಲು, ಸಕ್ಕರೆ, ಪರಿಮಳ ಎಲ್ಲ ಇರುತ್ತದೆ. ನಮ್ಮ ಅಂಗಡಿಗೇ ಒಬ್ಬರು ಬಂದು ಅದನ್ನು ಚಪಾತಿ ಮಣೆಗೆ ಹಚ್ಚಿದ್ದೆ, ಇರುವೆ ಮುತ್ತಿಕೊಂಡಿವೆ ಅಂದಿದ್ದರು. ನಿಮಗೆ ಬೇಕಾದದ್ದು ನೀರಿನಂತೆ ತಿಳಿಯಾದ, ಎಣ್ಣೆಯಂತೆ ದಪ್ಪಗಿರುವ, ಬೇರೇನೂ ಸೇರಿಸದ ಲಿಕ್ವಿಡ್ ಪ್ಯಾರಾಫಿನ್. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ.

ನಸ್ರೀನ್

ಮಕ್ಕಳಿಗೆ ಹಚ್ಚುವ ಬೇಬಿ ಆಯಿಲ್ ಕೂಡ ಅದೇ ಅಲ್ವಾ?

ಚೇತನ್

ಮೂಲ ಅದೇ ಅಕ್ಕಾ, ಆದರೆ ಸೆಂಟ್ ಹಾಕಿರುತ್ತಾರೆ. ಸೌತೆಕಾಯಿಗೆ ಆ ಪರಿಮಳ ಬೇಕಾ?

ಗಿರೀಶ

ಹಚ್ಚುವ ಕ್ರಮ ಹೇಳಿಬಿಡುತ್ತೇನೆ, ಎಲ್ಲರೂ ಇಲ್ಲೇ ಎಡವುತ್ತಾರೆ. ವಾಸನೆ ಪೂರ್ತಿ ಹೋದ ಮೇಲೆ ಎಣ್ಣೆ. ಮುಂಚೆ ಹಚ್ಚಿದರೆ ವಾಸನೆಗೆ ಬಾಗಿಲು ಹಾಕಿದ ಹಾಗೆ. ತೊಳೆದ ಮೇಲೆ ಎರಡು ದಿನ ನೆರಳಲ್ಲಿ ಒಣಗಲಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟರೆ ಎಣ್ಣೆ ತೆಳುವಾಗಿ ಒಳಗೆ ಇಳಿಯುತ್ತದೆ. ಹಳೆಯ ಬನಿಯನ್ ತುಂಡಿನಿಂದ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಹಚ್ಚಿ. ಬರೀ ಮೇಲೆ ಹಚ್ಚಿದರೆ ಮತ್ತೆ ಬಾಗುತ್ತದೆ.

ಮುಖ್ಯ ಜಾಗ ಆ ಎರಡು ತುದಿಗಳು. ಅಲ್ಲಿ ಹಚ್ಚಿದ್ದು ನೋಡನೋಡುತ್ತಲೇ ಮಾಯವಾಗುತ್ತದೆ. ಮತ್ತೆ ಹಚ್ಚಿ, ಮತ್ತೆ ಮಾಯ. ಕುಡಿಯುವುದು ನಿಲ್ಲಿಸಿ ಮೇಲೆ ಹೊಳೆಯುವ ತನಕ ಬಿಡಬೇಡಿ. ರಾತ್ರಿ ನಿಲ್ಲಿಸಿಟ್ಟು ಬೆಳಿಗ್ಗೆ ಉಳಿದದ್ದನ್ನು ಒರೆಸಿ. ಹೊಸದಾಗಿ ಕೀಸಿದ ಮಣೆಗೆ ಮೂರು ದಿನ ಹೀಗೇ. ಆಮೇಲೆ ಯಾವಾಗ ಅಂತ ಮಣೆಯೇ ಹೇಳುತ್ತದೆ. ನಾಲ್ಕು ಹನಿ ನೀರು ಹಾಕಿ ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತರೆ ಬೇಕಿಲ್ಲ. ಹರಡಿ ಮರ ಕಪ್ಪಗಾದರೆ ಹಚ್ಚಿ. ನಮ್ಮ ಕಡೆ ಫೆಬ್ರವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಬೇಕಾಗುತ್ತದೆ. ಆಷಾಢದಲ್ಲಿ ಬಿಸಿಲಿಲ್ಲ ಅಂತ ಸುಮ್ಮನಿರಬೇಡಿ, ಚಿತ್ರದುರ್ಗದ ಆ ಗಾಳಿಯೂ ಮರವನ್ನು ಹಾಗೇ ಹಿಂಡುತ್ತದೆ.

ಶಾರದಮ್ಮ

ಔಷಧಿ ಅಂಗಡಿ ಎಣ್ಣೆ ಅಡುಗೆಗೆ ಹಚ್ಚಲು ನನಗೆ ಮನಸ್ಸು ಒಪ್ಪಲ್ಲ. ನಾನು ಕೊಬ್ಬರಿ ಎಣ್ಣೆನೇ. ವಾಸನೆ ಬಂದಿಲ್ಲ ಇವತ್ತಿನವರೆಗೆ.

ಗಿರೀಶ

ಕೊಬ್ಬರಿ ಎಣ್ಣೆ ಬೇಗ ಕಮಟಾಗಲ್ಲ, ಒಪ್ಪಿದೆ. ತೆಳುವಾಗಿ ಹಚ್ಚಿದರೆ ನಡೆಯುತ್ತದೆ. ದಪ್ಪಗೆ ಹಚ್ಚಿ ವರ್ಷಗಟ್ಟಲೆ ಬಿಟ್ಟ ಮಣೆಗಳು ನನ್ನ ಹತ್ತಿರ ಬಂದಿವೆ, ಕೀಸುವಾಗ ಮೂಗು ಮುಚ್ಚಿಕೊಂಡಿದ್ದೇನೆ. ಬಿಸಿಲಿನ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ ಅಮ್ಮ. ಒರೆಸಿದ ಮೇಲೆ ಬೆಳಗಿನ ಎಳೆಬಿಸಿಲಿಗೆ ಅರ್ಧ ಗಂಟೆ, ನಿಲ್ಲಿಸಿ, ನಡುವೆ ಒಮ್ಮೆ ತಿರುಗಿಸಿ. ವಾಸನೆಗೆ ಒಳ್ಳೆಯದೇ. ಏಪ್ರಿಲ್ ಮಧ್ಯಾಹ್ನದ ಟೆರೇಸ್ ಮಾತ್ರ ಬೇಡ.

ಮಂಡಕ್ಕಿ ಮಂಜಣ್ಣ

ನಮ್ಮ ಗಾಡಿ ಪಕ್ಕ ಮಟನ್ ಅಂಗಡಿ. ಅವರ ಹುಣಸೆ ಕೊರಡು ಎಷ್ಟೋ ವರ್ಷದ್ದು, ಅದ್ಯಾಕೆ ಸೀಳಲ್ಲ?

ಗಿರೀಶ

ಹತ್ತಿರ ಹೋಗಿ ನೋಡಿ, ನಡುವಿನಿಂದ ಅಂಚಿಗೆ ಒಂದು ಸೀಳು ಇದ್ದೇ ಇರುತ್ತದೆ. ದುಂಡನೆ ಕೊಯ್ದ ಕೊರಡು ಒಣಗುವಾಗ ಸುತ್ತಳತೆಯಲ್ಲಿ ಕುಗ್ಗುವುದು ಜಾಸ್ತಿ, ನಡುವಿನ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ. ಹೋಳಿಗೆಯಿಂದ ಒಂದು ತುಂಡು ಕಿತ್ತ ಹಾಗೆ ಬಾಯಿ ಬಿಡಲೇಬೇಕು. ಹುಣಸೆ ಎಳೆ ಹೆಣೆದುಕೊಂಡ ಮರ, ಅದಕ್ಕೇ ಹೋಳಾಗಲ್ಲ. ರಾತ್ರಿ ಅವರು ಏನು ಮಾಡ್ತಾರೆ ಅಂತಲೂ ನೋಡಿ. ಕತ್ತಿಯಿಂದ ಕೆರೆದು, ಕಲ್ಲುಪ್ಪು ಉದುರಿಸಿ, ಗೋಣಿಚೀಲ ಮುಚ್ಚುತ್ತಾರೆ. ನಿಧಾನಕ್ಕೆ ಒಣಗಲಿ ಅಂತ.

ವೀಣಾ

ಮೂರು ವಾರ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ. ಬಾಗು ಎರಡು ದಿನಕ್ಕೆ ಹೋಯಿತು. ಬಡಗಿ ಹತ್ತಿರ ಹೋಗಿ ಎರಡೂವರೆ ಇಂಚು ಕೊಯ್ಸಿದೆ. ತುಂಡನ್ನು ಕೈಯಲ್ಲಿ ಮುರಿದು ನೋಡಿದರೆ ಸೀಳಿನ ಒಳಗೆ ಕಪ್ಪಗೆ ಗೆರೆ, ಒಂದು ಈರುಳ್ಳಿ ಸಿಪ್ಪೆಯ ಚೂರು! ಕಣ್ಣಿಗೆ ಕಂಡದ್ದಕ್ಕಿಂತ ಕಾಲು ಇಂಚು ಮುಂದಕ್ಕೆ ಓಡಿತ್ತು, ಗಿರೀಶಣ್ಣ ಹೇಳಿದ ಹಾಗೇ. ಕೀಸಿದ ಮೇಲೆ ಉಪ್ಪು ನಿಂಬೆ ಮೂರು ಸಲ. ಮೊದಲ ಸಲ ಬೂದು ನೀರು, ಮೂರನೇ ಸಲ ತಿಳಿ ನೀರು. ಆಮೇಲೆ ಪ್ಯಾರಾಫಿನ್. ಎರಡು ತುದಿಗಳೇ ನಾಲ್ಕು ಚಮಚ ಕುಡಿದವು.

ಒದ್ದೆ ಮಾಡಿ ಮೂಗು ಇಟ್ಟೆ. ಮೀನು ಹೋಗಿದೆ. ಈರುಳ್ಳಿ ಒಂಚೂರು ಇದೆ, ಸೋಡಾ ಹಿಟ್ಟಿಗೂ ಪೂರ್ತಿ ಹೋಗಿಲ್ಲ. ಒಂದು ಮುಖ ಈರುಳ್ಳಿಗೆ, ಇನ್ನೊಂದು ಹಣ್ಣು ಸೌತೆಕಾಯಿಗೆ ಅಂತ ಮಾಡಿದ್ದೇನೆ. ಗುರುತಿಗೆ ಕಾದ ಮೊಳೆಯಿಂದ ಈರುಳ್ಳಿ ಕಡೆ ಒಂದು ಚುಕ್ಕೆ.

ನಸ್ರೀನ್

ಮೀನು ಎಲ್ಲಿ ಕೊಯ್ತೀರಿ ಈಗ?

ವೀಣಾ

ತಮ್ಮನಿಗೆ ಹೇಳಿದ್ದೇನೆ, ಅಲ್ಲೇ ಕೊಯ್ಸಿಕೊಂಡು ಬಾ ಅಂತ.

ಮಂಡಕ್ಕಿ ಮಂಜಣ್ಣ

ನಾನು ಬಕೆಟ್ ಬಿಟ್ಟು ಹದಿನೈದು ದಿನ. ವಾಸನೆ ಮೊದಲಿಗಿಂತ ಸ್ವಲ್ಪ ಜಾಸ್ತಿನೇ ಅನ್ನಿಸ್ತಾ ಇದೆ ಗಿರೀಶಣ್ಣ. ಮಣೆ ಮಾತ್ರ ಗಟ್ಟಿ ಇದೆ. ಕೈ ವಾಸನೆಗೆ ಇನ್ನೂ ಯಾರೂ ಹೇಳಿಲ್ಲ.